ಮನೆ ಬದಲಾಗಿ ಆಫೀಸು ದೂರವಾದಾಗ: ಕೆಲಸದ ವೇಳೆ ಬದಲಿಸಲು ಕೋರಿ ಮ್ಯಾನೇಜರ್‌ಗೆ ಪತ್ರ ಬರೆಯುವ ಬಗೆ

ಮನೆ ದೂರವಾಗಿದೆ ಎಂಬುದು ನಿಮ್ಮ ಕಷ್ಟ. ಅದನ್ನಷ್ಟೇ ಬರೆದು ಕೊಟ್ಟರೆ ಮ್ಯಾನೇಜರ್ ಮರುಕಪಡಬಹುದು, ಮಂಜೂರು ಮಾಡುವುದು ಕಷ್ಟ. ಮಂಜೂರಾಗುವ ಪತ್ರ ಬೇರೆ ಎರಡು ಸಂಗತಿಗಳನ್ನು ತೋರಿಸಿಕೊಡುತ್ತದೆ. ಕೆಲಸದ ವೇಳೆ ಬದಲಾದರೆ ಪ್ರಯಾಣದ ಸಮಯ ನಿಜಕ್ಕೂ ಇಷ್ಟು ಇಳಿಯುತ್ತದೆ ಎಂಬುದು ಮೊದಲನೆಯದು. ಬದಲಾವಣೆಯಿಂದ ನಿಲ್ಲಬಹುದಾದ ಕೆಲಸ ಯಾವುದು, ಅದಕ್ಕೆ ಮಾಡಿಕೊಂಡ ವ್ಯವಸ್ಥೆ ಏನು ಎಂಬುದು ಎರಡನೆಯದು. ಈ ಎರಡನ್ನೂ ಪತ್ರ ಬರೆಯುವ ಮುಂಚೆಯೇ ಹೊಂದಿಸಿಕೊಳ್ಳಬೇಕು. ಹಾಗಾಗಿ ಇಲ್ಲಿ ಬರವಣಿಗೆಗಿಂತ ಅದರ ಹಿಂದಿನ ತಯಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಉದಾಹರಣೆಗೆ ಬೆಂಗಳೂರಿನ ಒಂದು ಸಂದರ್ಭ ತೆಗೆದುಕೊಳ್ಳೋಣ. ಹೊರ ವರ್ತುಲ ರಸ್ತೆಯ ಕಾಡುಬೀಸನಹಳ್ಳಿಯಲ್ಲಿ ಆಫೀಸು. ಕೆಲಸ ಲೆಕ್ಕಪತ್ರ ವಿಭಾಗದಲ್ಲಿ, ಪೂರೈಕೆದಾರರ ಬಿಲ್‌ಗಳನ್ನು ಪಾಸು ಮಾಡುವುದು. ವೇಳೆ ಬೆಳಿಗ್ಗೆ 9.30ರಿಂದ ಸಂಜೆ 6.30. ಇದುವರೆಗೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಬಾಡಿಗೆ ಮನೆ, ಈಗ ಕೆಂಗೇರಿ ಉಪನಗರದಲ್ಲಿ ಸ್ವಂತ ಮನೆ. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಪುರ, ಅಲ್ಲಿಂದ 500-ಡಿ ಬಸ್ಸು ಹಿಡಿದು ಸುಮಾರು ಹತ್ತು ಕಿಲೋಮೀಟರ್.

ಮೊದಲು ಪ್ರಯಾಣವನ್ನು ತುಂಡು ಮಾಡಿ ಅಳೆಯಿರಿ

ಪ್ರಯಾಣದ ಎಲ್ಲ ಭಾಗಗಳೂ ಗಡಿಯಾರ ನೋಡಿ ಬದಲಾಗುವುದಿಲ್ಲ. ಮೆಟ್ರೊ ಬೆಳಿಗ್ಗೆ ಆರಕ್ಕೂ ಒಂಬತ್ತಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ರಸ್ತೆಯ ಭಾಗ ಹಾಗಲ್ಲ. ಆದ್ದರಿಂದ ಮನೆ ಮತ್ತು ಆಫೀಸು ಎರಡೂ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇದ್ದರೆ ವೇಳೆ ಬದಲಾವಣೆಯಿಂದ ಪ್ರಯಾಣದ ಅವಧಿಯಲ್ಲಿ ಏನೂ ಉಳಿಯುವುದಿಲ್ಲ. ಅಂಥವರು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಕೇಳುವುದೇ ಸರಿ. ರಸ್ತೆಯ ಭಾಗ ದೊಡ್ಡದಿದ್ದರೆ, ಇಲ್ಲವೇ ದಿನಕ್ಕೆ ಒಂದೆರಡೇ ಓಡುವ ರೈಲನ್ನೋ ಬಸ್ಸನ್ನೋ ನೆಚ್ಚಿಕೊಂಡಿದ್ದರೆ ಮಾತ್ರ ವೇಳೆ ಬದಲಾವಣೆಯ ಕೋರಿಕೆಗೆ ಬಲ ಬರುತ್ತದೆ.

ಎರಡು ವಾರ ಪ್ರತಿ ಭಾಗದ ಸಮಯವನ್ನೂ ಬರೆದಿಡಿ: ಮನೆಯಿಂದ ನಿಲ್ದಾಣ, ಕಾಯುವುದೂ ಸೇರಿ ಮೆಟ್ರೊ, ಕಾಯುವುದೂ ಸೇರಿ ಬಸ್ಸು, ಕೊನೆಯ ನಡಿಗೆ. ಆ ಹತ್ತು ಕೆಲಸದ ದಿನಗಳಲ್ಲಿ ಎರಡು ಮೂರು ದಿನವಾದರೂ ನೀವು ಕೇಳಬೇಕೆಂದಿರುವ ವೇಳೆಗೇ ಹೊರಟು ನೋಡಿ. ಮ್ಯಾಪ್ ತೋರಿಸುವ ಅಂದಾಜನ್ನು ಪತ್ರಕ್ಕೆ ಇಳಿಸಬೇಡಿ. ಕೆ.ಆರ್. ಪುರದಲ್ಲಿ ಬಸ್ಸಿಗೆ ನಿಂತ ಹೊತ್ತು ಅದರಲ್ಲಿ ಸರಿಯಾಗಿ ಬರುವುದಿಲ್ಲ, ಜೊತೆಗೆ ಮ್ಯಾನೇಜರ್ ತಮ್ಮ ಫೋನಿನಲ್ಲಿ ನೋಡಿದಾಗ ಬೇರೆಯೇ ಅಂಕಿ ಕಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಉದಾಹರಣೆಯಲ್ಲಿ ಲೆಕ್ಕ ಹೀಗೆ ಬಂದಿದೆ ಎಂದುಕೊಳ್ಳಿ. 9.30ಕ್ಕೆ ಆಫೀಸು ಸೇರಲು ಬೈಕಿನಲ್ಲಿ ನಿಲ್ದಾಣ ತಲುಪಿ ಗಾಡಿ ನಿಲ್ಲಿಸಲು 15 ನಿಮಿಷ, ಮೆಟ್ರೊ 65, ಬಸ್ಸು 60, ನಡಿಗೆ 5. ಒಟ್ಟು 2 ಗಂಟೆ 25 ನಿಮಿಷ. ಸಂಜೆ 6.30ಕ್ಕೆ ಬಿಟ್ಟರೆ ನಡಿಗೆ 5, ಬಸ್ಸು 75, ಮೆಟ್ರೊ 65, ಬೈಕು 10. ಒಟ್ಟು 2 ಗಂಟೆ 35 ನಿಮಿಷ. ದಿನಕ್ಕೆ ಐದು ಗಂಟೆ ದಾರಿಯಲ್ಲೇ ಕಳೆಯಿತು, ಮನೆ ಸೇರಿದಾಗ 9.05.

ಇದನ್ನೇ 7.30–4.30 ಮಾಡಿದರೆ ಬೆಳಗಿನ ಬಸ್ಸು 25 ನಿಮಿಷಕ್ಕೂ ಸಂಜೆಯದು 40 ನಿಮಿಷಕ್ಕೂ ಇಳಿಯುತ್ತದೆ. ಉಳಿದ ಯಾವ ಅಂಕಿಯೂ ಬದಲಾಗುವುದಿಲ್ಲ. ಒಟ್ಟು 3 ಗಂಟೆ 50 ನಿಮಿಷ. ಉಳಿತಾಯ 1 ಗಂಟೆ 10 ನಿಮಿಷ, ಮನೆ ಸೇರುವುದು 6.30ಕ್ಕೆ. ಆದರೆ ಬೆಳಿಗ್ಗೆ 5.40ಕ್ಕೆ ಮನೆ ಬಿಡಬೇಕು. ಅದು ದಿನವೂ ಸಾಧ್ಯವೇ ಎಂದು ಮನೆಯವರ ಜೊತೆ ಕೂತು ಮಾತಾಡಿ ನಿರ್ಧರಿಸಿ. ಮಂಜೂರಾದ ಮೂರನೇ ವಾರಕ್ಕೇ ತಡವಾಗಿ ಬರತೊಡಗಿದರೆ ಮತ್ತೊಮ್ಮೆ ಕೇಳುವ ಬಾಯಿ ಇರುವುದಿಲ್ಲ.

ಎರಡನೇ ಆಯ್ಕೆಯನ್ನೂ ಇದೇ ರೀತಿ ಅಳೆದಿಟ್ಟುಕೊಳ್ಳಿ. 8.00–5.00 ಆದರೆ ಬಸ್ಸಿಗೆ ಬೆಳಿಗ್ಗೆ 35, ಸಂಜೆ 60 ನಿಮಿಷ, ಒಟ್ಟು 4 ಗಂಟೆ 20 ನಿಮಿಷ. ಉಳಿಯುವುದು 40 ನಿಮಿಷ. ಅರ್ಧ ಗಂಟೆ ಆಚೀಚೆಯಾದರೆ ಉಳಿತಾಯದಲ್ಲಿ ಅರ್ಧ ಗಂಟೆಯಷ್ಟೇ ಕರಗಿಹೋಗಿದೆ. ಮಾತುಕತೆಯಲ್ಲಿ ಎಷ್ಟರವರೆಗೆ ಬಗ್ಗಬಹುದು ಎಂಬುದು ನಿಮಗೆ ಈ ಲೆಕ್ಕದಿಂದಲೇ ಗೊತ್ತಾಗಬೇಕು. 11.00–8.00ರಂಥ ತಡದ ವೇಳೆ ಕೇಳುವವರೂ ಇದ್ದಾರೆ. ರಾತ್ರಿ 8ರ ಮೇಲೆ ಮಹಿಳಾ ಉದ್ಯೋಗಿ ಕೆಲಸದಲ್ಲಿದ್ದರೆ ಸಾರಿಗೆ ಮತ್ತು ಭದ್ರತೆಯ ಹೊಣೆ ಕಂಪನಿಯ ಮೇಲೆ ಬೀಳುವುದರಿಂದ ಆ ಅಂಚಿನ ವೇಳೆಗಳಿಗೆ ಎಚ್‌ಆರ್ ಸುಲಭಕ್ಕೆ ಒಪ್ಪುವುದಿಲ್ಲ.

ಕಾಗದಪತ್ರ ನೋಡಿಕೊಳ್ಳಿ

ನೇಮಕಾತಿ ಪತ್ರ ತೆಗೆದು ಕೆಲಸದ ವೇಳೆಯ ಬಗ್ಗೆ ಏನಿದೆ ಓದಿ. ಕೆಲವೆಡೆ ಎಲ್ಲರೂ ಹಾಜರಿರಲೇಬೇಕಾದ ಕೋರ್ ಅವಧಿ, ಉದಾಹರಣೆಗೆ 10ರಿಂದ 4, ಎಂದು ನಿಗದಿಯಾಗಿರುತ್ತದೆ. ನೀವು ಕೇಳುವ ವೇಳೆ ಅದನ್ನು ಪೂರ್ತಿ ಒಳಗೊಂಡಿದ್ದರೆ ಮ್ಯಾನೇಜರ್ ಮಟ್ಟದಲ್ಲೇ ಮಂಜೂರಾಗಬಹುದು. ಇಲ್ಲದಿದ್ದರೆ ಎಚ್‌ಆರ್‌ವರೆಗೆ ಹೋಗುತ್ತದೆ.

ಕಾನೂನಿನ ಮಾತೂ ಸ್ವಲ್ಪ ಗೊತ್ತಿರಲಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿದೆ. ಐದು ಗಂಟೆ ಸತತ ಕೆಲಸದ ನಂತರ ಒಂದು ಗಂಟೆ ಬಿಡುವು ಕೊಡಬೇಕು ಎನ್ನುತ್ತದೆ. ಹೀಗಿರುವಾಗ ‘ನಾಲ್ಕೇ ದಿನ ಬಂದು ದಿನಕ್ಕೆ 11 ಗಂಟೆ ಮಾಡುತ್ತೇನೆ’, ‘ಊಟದ ವಿರಾಮ ಬೇಡ, ಒಂದು ಗಂಟೆ ಮುಂಚೆ ಬಿಡಿ’ ಎಂಬ ಕೋರಿಕೆಗಳನ್ನು ಎಚ್‌ಆರ್ ತಳ್ಳಿಹಾಕುತ್ತದೆ. ಮನೆ ದೂರ ಎಂಬ ಕಾರಣಕ್ಕೆ ವೇಳೆ ಬದಲಿಸಿಕೊಡಲೇಬೇಕು ಎಂಬ ಹಕ್ಕೂ ಈ ಕಾಯ್ದೆಯಲ್ಲಿಲ್ಲ. ಆದ್ದರಿಂದ ಪತ್ರದಲ್ಲಿ ಕಾಯ್ದೆಯ ಪ್ರಸ್ತಾಪವೇ ಬೇಡ.

ಕಾರ್ಖಾನೆಯಲ್ಲಿ ಇರುವವರ ದಾರಿ ಬೇರೆ. ಅಲ್ಲಿ ಪಾಳಿಗಳ ವೇಳೆ ನೋಟಿಸ್ ಬೋರ್ಡಿನಲ್ಲಿ ನಿಗದಿಯಾಗಿರುವುದರಿಂದ ಒಬ್ಬರಿಗಾಗಿ ಹೊಸ ವೇಳೆ ಸೃಷ್ಟಿಸುವುದಿಲ್ಲ. ಜನರಲ್ ಪಾಳಿಯಿಂದ ಮೊದಲ ಪಾಳಿಗೆ ಹಾಕಿಕೊಡಿ ಎಂದು ಕೇಳಬೇಕು. ಅದಲುಬದಲಿಗೆ ಒಪ್ಪುವ ಸಹೋದ್ಯೋಗಿಯ ಸಹಿಯೂ ಪತ್ರದಲ್ಲಿದ್ದರೆ ಕೆಲಸ ಹಗುರ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಪತ್ರ ಕೊಡುವ ಮುಂಚೆ ಕಂಪನಿಯ ದಾಖಲೆಯಲ್ಲಿ ವಿಳಾಸ ಬದಲಿಸಿ. ಪತ್ರದಲ್ಲಿ ಕೆಂಗೇರಿ, ದಾಖಲೆಯಲ್ಲಿ ಎಚ್‌ಎಸ್‌ಆರ್ ಎಂದಿದ್ದರೆ ಮೊದಲ ಪ್ರಶ್ನೆಯೇ ಅದು. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದಿದ್ದು, ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುತ್ತಿದ್ದರೆ ಆ ಘೋಷಣೆಯನ್ನೂ ಮನೆ ಬಿಟ್ಟ ತಿಂಗಳಿಂದಲೇ ತಿದ್ದಬೇಕು. ಒಂದು ಕಡೆ ಸ್ವಂತ ಮನೆ ಎಂದು ಪತ್ರ, ಇನ್ನೊಂದು ಕಡೆ ಬಾಡಿಗೆ ಕಟ್ಟುತ್ತಿದ್ದೇನೆ ಎಂಬ ಘೋಷಣೆ ಒಂದೇ ಕಡತದಲ್ಲಿ ಸಿಕ್ಕರೆ ವೇಳೆಯ ವಿಷಯ ಬದಿಗೆ ಸರಿದು ಬೇರೆಯೇ ವಿಚಾರಣೆ ಶುರುವಾಗುತ್ತದೆ.

ನೀವಿಲ್ಲದ ಎರಡು ಗಂಟೆ

ಮ್ಯಾನೇಜರ್ ಪತ್ರ ಓದುವಾಗ ಅವರ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ: 4.30ರಿಂದ 6.30ರವರೆಗೆ ಈ ಮನುಷ್ಯ ಇರುವುದಿಲ್ಲವಲ್ಲ, ಆಗ ಏನಾಗುತ್ತದೆ? ಇದಕ್ಕೆ ಉತ್ತರ ಊಹಿಸಿ ಬರೆಯಬಾರದು. ಕಳೆದ ಒಂದು ತಿಂಗಳ ಮೇಲ್, ಕರೆ, ಮೀಟಿಂಗುಗಳನ್ನು ತೆಗೆದು ಆ ಎರಡು ಗಂಟೆಯಲ್ಲಿ ನಿಮ್ಮಿಂದ ಯಾರು ಏನು ಕೇಳಿದ್ದಾರೆ ನೋಡಿ.

ಬಿಲ್ ಪಾವತಿ ಕೆಲಸದಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಸಿಗುತ್ತವೆ. ಸಂಜೆ ಪೂರೈಕೆದಾರರಿಂದ ‘ಪೇಮೆಂಟ್ ಯಾವಾಗ’ ಎಂಬ ಕರೆಗಳು ಬರುತ್ತವೆ. ಅವುಗಳಿಗೆ ಮರುದಿನ ಬೆಳಿಗ್ಗೆ ಉತ್ತರಿಸಿದರೆ ನಷ್ಟವಿಲ್ಲ. ಎರಡನೆಯದು ತಿಂಗಳ ಲೆಕ್ಕ ಮುಗಿಸುವ ದಿನಗಳು. ತಿಂಗಳ ಕೊನೆಯ ಎರಡು ದಿನ ಮತ್ತು ಮುಂದಿನ ತಿಂಗಳ ಮೊದಲ ಮೂರು ಕೆಲಸದ ದಿನ ಸಂಜೆಯೇ ಗಡಿಬಿಡಿ ಹೆಚ್ಚು. ಆ ಐದು ದಿನ ಹಳೆಯ ವೇಳೆಗೇ ಇರುತ್ತೇನೆ ಎಂದು ನೀವೇ ಬರೆದರೆ ಪತ್ರದ ತೂಕ ಹೆಚ್ಚುತ್ತದೆ. ನಮ್ಮ ಅನಿಸಿಕೆಯಲ್ಲಿ ಇಡೀ ಪತ್ರದಲ್ಲಿ ಅತ್ಯಂತ ಪರಿಣಾಮಕಾರಿ ವಾಕ್ಯ ಅದೇ.

ಮೂರನೆಯದು ಹೊರದೇಶದ ತಂಡ. ಲಂಡನ್ ಕಚೇರಿಯ ಜೊತೆ ಕೆಲಸವಿದ್ದರೆ ಗಡಿಯಾರ ಲೆಕ್ಕ ಹಾಕಿ. ಅಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2.30, ಬೇಸಿಗೆಯಲ್ಲಿ 1.30. ನೀವು 4.30ಕ್ಕೆ ಎದ್ದರೆ ಚಳಿಗಾಲದಲ್ಲಿ ಅವರ ಜೊತೆ ಸಿಗುವುದು ಎರಡೇ ಗಂಟೆ, ಬೇಸಿಗೆಯಲ್ಲಿ ಮೂರು. ವಾರದ ಕರೆ ಸಂಜೆ 5.30ಕ್ಕೆ ಇದ್ದರೆ ಅದನ್ನು 3.30ಕ್ಕೆ ತರಲು ಸಾಧ್ಯವೇ ಎಂದು ಆ ಕಡೆಯವರನ್ನು ಮೊದಲೇ ವಿಚಾರಿಸಿ. ಮೆಟ್ರೊದಿಂದ ಕರೆಗೆ ಸೇರುತ್ತೇನೆ ಎಂದು ಮಾತ್ರ ಬರೆಯಬೇಡಿ. ದಾರಿಯಲ್ಲಿ ಸುರಂಗವೂ ಇದೆ, ಜನಸಂದಣಿಯೂ ಇದೆ, ಲೆಕ್ಕಪತ್ರದ ಮಾತು ಹತ್ತು ಜನರ ನಡುವೆ ಆಡುವಂಥದ್ದೂ ಅಲ್ಲ.

‘ಸಂಜೆ ಮನೆಯಿಂದಲೂ ಲಾಗಿನ್ ಆಗಿರುತ್ತೇನೆ’ ಎಂಬ ಭರವಸೆಯ ಬಗ್ಗೆ ಎಚ್ಚರ. ಮಂಜೂರಾಗಲಿ ಎಂಬ ಆಸೆಗೆ ಬರೆದ ಈ ಸಾಲು ಕೆಲವೇ ವಾರಗಳಲ್ಲಿ ದಿನದ ಕೆಲಸವನ್ನು ಹನ್ನೊಂದು ಗಂಟೆಗೆ ಎಳೆಯುತ್ತದೆ. ಬರೆಯಲೇಬೇಕಾದರೆ ‘ತುರ್ತಿದ್ದರೆ ಸಂಜೆ 6.45ರ ನಂತರ ಫೋನಿನಲ್ಲಿ ಸಿಗುತ್ತೇನೆ’ ಎಂದು ಗೆರೆ ಎಳೆದು ಬರೆಯಿರಿ.

ಕಟ್ಟಡದ ವಿಷಯವನ್ನೂ ವಿಚಾರಿಸಿ. ಬೆಳಿಗ್ಗೆ 7.30ಕ್ಕೆ ನಿಮ್ಮ ಮಹಡಿಯ ಬಾಗಿಲು ತೆರೆದಿರುತ್ತದೆಯೇ, ನಿಮ್ಮ ಕಾರ್ಡು ಆ ಹೊತ್ತಿಗೆ ಕೆಲಸ ಮಾಡುತ್ತದೆಯೇ, ಕ್ಯಾಂಟೀನು ಎಷ್ಟಕ್ಕೆ ಶುರು ಎಂಬುದನ್ನು ಸೆಕ್ಯುರಿಟಿಯವರೇ ಹೇಳುತ್ತಾರೆ.

ಮೊದಲು ಬಾಯಿಮಾತು, ಆಮೇಲೆ ಪತ್ರ

ಮ್ಯಾನೇಜರ್‌ಗೆ ಏನೂ ಹೇಳದೆ ನೇರವಾಗಿ ಎಚ್‌ಆರ್‌ಗೆ ಪ್ರತಿ ಹಾಕಿ ಮೇಲ್ ಕಳಿಸಿದರೆ ಅವರನ್ನು ಮೂಲೆಗೆ ಒತ್ತಿದಂತಾಗುತ್ತದೆ. ಹತ್ತು ನಿಮಿಷ ಕೇಳಿಕೊಂಡು ಎದುರಿಗೆ ಕೂತು ಮಾತಾಡಿ: ‘ಸರ್, ಮನೆ ಕೆಂಗೇರಿಗೆ ಬದಲಾಗಿದೆ. 7.30ರಿಂದ 4.30ಕ್ಕೆ ಮಾಡಿಕೊಂಡರೆ ಓಡಾಟ ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ. ಸಂಜೆ ಕೆಲಸಕ್ಕೆ ಏನು ಮಾಡಬಹುದು ಅಂತ ಯೋಚನೆ ಮಾಡಿದ್ದೀನಿ. ಬರೆದು ಕೊಡಲಾ?’ ಅವರು ಆಗ ಎತ್ತುವ ಆಕ್ಷೇಪಣೆಗೆ ಅಲ್ಲೇ ವಾದ ಬೇಡ. ಗುರುತು ಹಾಕಿಕೊಂಡು ಬಂದು ಪತ್ರದಲ್ಲಿ ಉತ್ತರಿಸಿ.

ತಿಂಗಳ ಕೊನೆಯ ವಾರ, ಲೆಕ್ಕ ತಪಾಸಣೆಯ ದಿನಗಳು, ತಂಡದಲ್ಲಿ ಯಾರಾದರೂ ಕೆಲಸ ಬಿಟ್ಟ ವಾರ ಈ ಮಾತಿಗೆ ಸೂಕ್ತವಲ್ಲ. ತಿಂಗಳ 8ರಿಂದ 20ರೊಳಗೆ ಲೆಕ್ಕಪತ್ರ ವಿಭಾಗಕ್ಕೆ ಉಸಿರಾಡಲು ಬಿಡುವಿರುತ್ತದೆ. ಬದಲಾವಣೆ ಜಾರಿಗೆ ಬರುವ ದಿನವನ್ನು ಪತ್ರದ ದಿನಕ್ಕಿಂತ ಎರಡು ಮೂರು ವಾರ ಮುಂದಿನ ಸೋಮವಾರಕ್ಕೆ ಇಡಿ.

ಪತ್ರ

ಒಂದು ಪುಟ ದಾಟಬಾರದು. ಕೇಳುವ ವೇಳೆ ಮತ್ತು ಜಾರಿಯ ದಿನಾಂಕ ಮೊದಲ ಪ್ಯಾರಾದಲ್ಲೇ ಇರಬೇಕು. ಕಾರಣಕ್ಕೆ ಒಂದೇ ಪ್ಯಾರಾ ಸಾಕು. ಮನೆ ಸಾಲದ ಕಂತು, ಮಕ್ಕಳ ಶಾಲೆ, ಬೆನ್ನುನೋವು ಎಲ್ಲವನ್ನೂ ಸೇರಿಸಿದರೆ ಯಾವುದು ನಿಜವಾದ ಕಾರಣ ಎಂದು ಓದುವವರಿಗೆ ಗೊಂದಲವಾಗುತ್ತದೆ. ಉದ್ದನೆಯ ಭಾಗ ಕೆಲಸದ ವ್ಯವಸ್ಥೆಯದ್ದಾಗಿರಲಿ.

> ಇಂದ: (ಹೆಸರು, ಹುದ್ದೆ, ಉದ್ಯೋಗಿ ಸಂಖ್ಯೆ)
>
> ಇವರಿಗೆ: ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ
>
> ದಿನಾಂಕ:
>
> ವಿಷಯ: ಕೆಲಸದ ವೇಳೆಯನ್ನು 9.30–6.30ರಿಂದ 7.30–4.30ಕ್ಕೆ ಬದಲಿಸಲು ಕೋರಿಕೆ
>
> ಮಾನ್ಯರೇ,
>
> ನಾವು ಮಾತನಾಡಿದಂತೆ, ಬರುವ ತಿಂಗಳ (ದಿನಾಂಕ), ಸೋಮವಾರದಿಂದ ನನ್ನ ಕೆಲಸದ ವೇಳೆಯನ್ನು ಬೆಳಿಗ್ಗೆ 7.30ರಿಂದ ಸಂಜೆ 4.30ಕ್ಕೆ ಬದಲಿಸಿಕೊಡಬೇಕೆಂದು ಕೋರುತ್ತೇನೆ. ಊಟದ ವಿರಾಮವೂ ಸೇರಿ ದಿನದ ಒಟ್ಟು ಒಂಬತ್ತು ಗಂಟೆಯಲ್ಲಿ ವ್ಯತ್ಯಾಸವಿರುವುದಿಲ್ಲ.
>
> ಕಳೆದ ತಿಂಗಳು ನನ್ನ ವಾಸ ಕೆಂಗೇರಿ ಉಪನಗರಕ್ಕೆ ಬದಲಾಗಿದೆ. ಹೊಸ ವಿಳಾಸವನ್ನು ಎಚ್‌ಆರ್ ದಾಖಲೆಯಲ್ಲಿ ನಮೂದಿಸಿದ್ದೇನೆ. ಈಗಿನ ವೇಳೆಯಲ್ಲಿ ಹೋಗಿ ಬರಲು ದಿನಕ್ಕೆ ಸುಮಾರು 5 ಗಂಟೆ ಹಿಡಿಯುತ್ತಿದೆ. ಕೋರಿರುವ ವೇಳೆಯಲ್ಲಿ ಇದು 3 ಗಂಟೆ 50 ನಿಮಿಷಕ್ಕೆ ಇಳಿಯುತ್ತದೆ. ಎರಡು ವಾರ ಬರೆದಿಟ್ಟ ಪ್ರಯಾಣದ ವಿವರವನ್ನು ಲಗತ್ತಿಸಿದ್ದೇನೆ.
>
> ಕೆಲಸಕ್ಕೆ ತೊಂದರೆಯಾಗದಂತೆ ಈ ವ್ಯವಸ್ಥೆ ಮಾಡಿಕೊಳ್ಳುತ್ತೇನೆ. ಹಿಂದಿನ ಸಂಜೆ ಬಂದ ಬಿಲ್‌ಗಳನ್ನು ಬೆಳಿಗ್ಗೆ 9.30ರೊಳಗೆ ಪರಿಶೀಲಿಸಿ ನಿಮ್ಮ ಅನುಮೋದನೆಗೆ ಇಡುತ್ತೇನೆ. ಸಂಜೆ 4.30ರ ನಂತರ ಬರುವ ಪೂರೈಕೆದಾರರ ವಿಚಾರಣೆಗೆ ಮರುದಿನ 10 ಗಂಟೆಯೊಳಗೆ ಉತ್ತರ ಹೋಗುತ್ತದೆ. ತಿಂಗಳ ಕೊನೆಯ ಎರಡು ಹಾಗೂ ಮೊದಲ ಮೂರು ಕೆಲಸದ ದಿನಗಳಲ್ಲಿ ಈಗಿನಂತೆ 9.30–6.30ಕ್ಕೇ ಹಾಜರಿರುತ್ತೇನೆ. ಲಂಡನ್ ತಂಡದ ವಾರದ ಕರೆಯನ್ನು 3.30ಕ್ಕೆ ಇಟ್ಟುಕೊಳ್ಳಲು ಅವರು ಒಪ್ಪಿದ್ದಾರೆ. ತುರ್ತಿದ್ದರೆ ಸಂಜೆ 6.45ರ ನಂತರ ಫೋನಿನಲ್ಲಿ ಸಿಗುತ್ತೇನೆ.
>
> ಇದನ್ನು ಎರಡು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಜಾರಿ ಮಾಡಿ, ಬಳಿಕ ತಾವು ಪರಿಶೀಲಿಸಿ ಮುಂದುವರಿಸುವ ಬಗ್ಗೆ ತೀರ್ಮಾನಿಸಬಹುದು. 7.30 ಅನುಕೂಲವಾಗದಿದ್ದರೆ 8.00–5.00ರ ವೇಳೆಯನ್ನಾದರೂ ಪರಿಗಣಿಸಬೇಕೆಂದು ವಿನಂತಿ.
>
> ವಂದನೆಗಳೊಂದಿಗೆ,
>
> (ಸಹಿ)

ಕೊನೆಯ ಸಾಲಿನ ಎರಡನೇ ಆಯ್ಕೆಯನ್ನು ಪತ್ರದಲ್ಲೇ ಹೇಳಬೇಕೇ ಎಂಬುದು ನಿಮ್ಮ ಮ್ಯಾನೇಜರ್ ಸ್ವಭಾವದ ಮೇಲೆ ಹೋಗುತ್ತದೆ. ಎಲ್ಲದರಲ್ಲೂ ಚೌಕಾಸಿ ಮಾಡುವವರಾದರೆ ಅದನ್ನು ತೆಗೆದು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಎರಡು ತಿಂಗಳ ಅವಧಿಗೆ ಕಾರಣವಿದೆ. ಎರಡು ಬಾರಿ ತಿಂಗಳ ಲೆಕ್ಕ ಮುಗಿಸುವುದು ಅದರೊಳಗೆ ಬರುತ್ತದೆ, ವ್ಯವಸ್ಥೆ ನಿಲ್ಲುತ್ತದೋ ಇಲ್ಲವೋ ಎಂಬುದು ಅಲ್ಲಿಯೇ ಗೊತ್ತಾಗುವುದು. ಲಂಡನ್ ತಂಡ ನಿಜಕ್ಕೂ ಒಪ್ಪಿದ್ದರೆ ಮಾತ್ರ ಆ ವಾಕ್ಯ ಇರಲಿ.

‘ಸ್ವಲ್ಪ ಫ್ಲೆಕ್ಸಿಬಲ್ ಟೈಮಿಂಗ್ ಕೊಡಿ’ ಎಂಬ ಅಸ್ಪಷ್ಟ ಕೋರಿಕೆ, ವೇಳೆ ಬದಲಾವಣೆ ಮತ್ತು ಮನೆಯಿಂದ ಕೆಲಸ ಎರಡನ್ನೂ ಒಟ್ಟಿಗೆ ಕೇಳುವುದು, ‘ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ’ ಎಂಬ ಸೂಚನೆ, ‘ಇಂಥವರಿಗೆ ಕೊಟ್ಟಿದ್ದೀರಿ’ ಎಂಬ ಹೋಲಿಕೆ: ಈ ನಾಲ್ಕೂ ಪತ್ರವನ್ನು ಕೆಡಿಸುತ್ತವೆ. ಬೇರೊಬ್ಬರಿಗೆ ಕೊಟ್ಟಿರುವುದು ನಿಜವಾದರೂ ಅದನ್ನು ಬಾಯಿಮಾತಿನಲ್ಲಿ ನೆನಪಿಸಬಹುದು, ಬರಹದಲ್ಲಿ ದೂರಿನಂತೆ ಕಾಣುತ್ತದೆ.

ಕೊಟ್ಟ ಮೇಲೆ

ಐದು ಕೆಲಸದ ದಿನ ಕಾಯಿರಿ. ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಎರಡು ಸಾಲು ಸೇರಿಸಿ: ‘ಮೇಲಿನ ಕೋರಿಕೆಯ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಕರೆಯ ವೇಳೆಯನ್ನೂ ಅದಕ್ಕೆ ತಕ್ಕಂತೆ ಹೊಂದಿಸುತ್ತೇನೆ. ಬೇಕಿರುವ ವಿವರವಿದ್ದರೆ ದಯವಿಟ್ಟು ಹೇಳಿ.’

ಆಗುವುದಿಲ್ಲ ಎಂದರೆ ಯಾವ ಗಂಟೆ ಅಡ್ಡಿಯಾಗಿದೆ ಎಂದು ಕೇಳಿ. ‘5ಕ್ಕೆ ದಿನದ ಪಾವತಿ ಪಟ್ಟಿ ಬ್ಯಾಂಕಿಗೆ ಹೋಗುತ್ತದೆ, ಆಗ ನೀವು ಬೇಕು’ ಎಂಬ ಉತ್ತರ ಬಂದರೆ ದಾರಿಯಿದೆ. ಪಟ್ಟಿಯನ್ನು 4ಕ್ಕೆ ಸಿದ್ಧಮಾಡುವುದು, ಅಥವಾ 8.00–5.00ಕ್ಕೆ ಒಪ್ಪುವುದು. ‘ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂಬುದು ಉತ್ತರವಾದರೆ ಪ್ರಾಯೋಗಿಕ ಅವಧಿಯನ್ನು ಒಂದು ತಿಂಗಳಿಗೆ ಇಳಿಸಿ ನೋಡಿ, ಇಲ್ಲವೇ ವಾರದಲ್ಲಿ ಮೂರು ದಿನಕ್ಕೆ ಕೇಳಿ.

ಒಪ್ಪಿಗೆ ಸಿಕ್ಕಾಗ ಬಾಯಿಮಾತಿಗೆ ನಿಲ್ಲಿಸಬೇಡಿ. ಹಾಜರಾತಿ ಯಂತ್ರಕ್ಕೆ ಮ್ಯಾನೇಜರ್ ಒಪ್ಪಿದ್ದು ಗೊತ್ತಿರುವುದಿಲ್ಲ. ಅದರಲ್ಲಿ ನಿಮ್ಮ ಶಿಫ್ಟ್ 9.30–6.30 ಎಂದೇ ಉಳಿದರೆ 4.30ಕ್ಕೆ ಕಾರ್ಡು ಒತ್ತಿದ ಪ್ರತಿ ದಿನವೂ ಬೇಗ ಹೋದರು ಎಂದೋ ಅರ್ಧ ದಿನ ಎಂದೋ ದಾಖಲಾಗಿ, ತಿಂಗಳ ಕೊನೆಗೆ ಸಂಬಳ ಕಡಿತವಾಗಿ ಬರುತ್ತದೆ. ಆದ್ದರಿಂದ ಮ್ಯಾನೇಜರ್ ಒಪ್ಪಿಗೆಯ ಮೇಲ್ ಅನ್ನು ಎಚ್‌ಆರ್‌ಗೆ ಕಳಿಸಿ, ಹೊಸ ವೇಳೆ, ಜಾರಿಯ ದಿನ, ತಿಂಗಳ ಲೆಕ್ಕ ಮುಗಿಸುವ ಐದು ದಿನಗಳ ವಿನಾಯಿತಿ ಮೂರನ್ನೂ ನಮೂದಿಸಿ ಶಿಫ್ಟ್ ಬದಲಿಸಲು ಕೇಳಿ. ಮೊದಲ ದಿನ ಸಂಜೆಯೇ ಹಾಜರಾತಿ ತೆರೆದು ಸರಿಯಾಗಿ ಬಿದ್ದಿದೆಯೇ ನೋಡಿ. ಕಂಪನಿ ಕ್ಯಾಬಿನಲ್ಲಿ ಬರುವವರು ಸಾರಿಗೆ ವಿಭಾಗಕ್ಕೂ ತಿಳಿಸಬೇಕು. ಹೊಸ ವಿಳಾಸ ಕ್ಯಾಬಿನ ವ್ಯಾಪ್ತಿಯೊಳಗೆ ಇದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಪ್ರಾಯೋಗಿಕ ಅವಧಿ ಮುಗಿಯುವ ಒಂದು ವಾರ ಮುಂಚೆ ಮುಂದುವರಿಕೆಗೆ ಮೇಲ್ ಹಾಕಿ. ಎರಡು ತಿಂಗಳ ಹಾಜರಾತಿ ಪ್ರತಿ, ಬಿಲ್‌ಗಳು 9.30ರೊಳಗೆ ಅನುಮೋದನೆಗೆ ಹೋದ ದಿನಗಳ ಪಟ್ಟಿ, ಎರಡು ತಿಂಗಳ ಲೆಕ್ಕ ಮುಗಿದ ದಿನಾಂಕ, ಇಷ್ಟು ಲಗತ್ತಿಸಿದರೆ ಸಾಕು. ಕೆ.ಆರ್. ಪುರದಿಂದ ಹೊರ ವರ್ತುಲ ರಸ್ತೆಯುದ್ದಕ್ಕೂ ನೀಲಿ ಮಾರ್ಗದ ಮೆಟ್ರೊ ಓಡತೊಡಗಿದರೆ ನಮ್ಮ ಉದಾಹರಣೆಯ ಬಸ್ಸಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಪ್ರಯಾಣವನ್ನು ಹೊಸದಾಗಿ ಅಳೆದು, 7.30ರ ಅಗತ್ಯ ಉಳಿದಿಲ್ಲವಾದರೆ ವೇಳೆಯನ್ನು ಹಿಂದಕ್ಕೆ ಬದಲಿಸಿಕೊಡಿ ಎಂದು ಕೇಳಲು ಇದೇ ನಮೂನೆಯ ಪತ್ರ ನಡೆಯುತ್ತದೆ.